ಊಟಿಯ ಪುಡಿ, ಹೊಸೂರಿನ ನೀರು: ಫಿಲ್ಟರ್ ಡಿಕಾಕ್ಷನ್ ಕಹಿಯಾಗುವುದೇಕೆ?

ನಾನು ಇವತ್ತು ಮಾತಾಡೋದು ಒಂದು ಮನೆಯ ಒಂದು ಫಿಲ್ಟರ್ ಬಗ್ಗೆ ಮಾತ್ರ. ಊಟಿ ಹತ್ತಿರದ ಹಟ್ಟಿಯೊಂದರ ಬಡಗ ಕುಟುಂಬ, ಮಗನ ಕೆಲಸದ ಸಲುವಾಗಿ ಹೊಸೂರಿಗೆ ಬಂತು. ಫಿಲ್ಟರ್ ಅದೇ, ಅಳತೆ ಅದೇ, ಪುಡಿಯೂ ಊರಿನ ಅಂಗಡಿಯಿಂದಲೇ ತರಿಸಿದ್ದು. ಆದರೂ ಡಿಕಾಕ್ಷನ್ ಕಹಿಯಾಗತೊಡಗಿತು. ಬರೀ ಕಹಿ ಅಲ್ಲ, ಕುಡಿದ ಮೇಲೆ ನಾಲಿಗೆ ಹಿಡಿಯುವ ಒಗರು. ಮನೆಯ ಅಜ್ಜಿ "ಇಲ್ಲಿನ ನೀರೇ ಸರಿ ಇಲ್ಲ" ಅಂದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ನೀರಿನಲ್ಲಿ ವ್ಯತ್ಯಾಸ ಇತ್ತು, ಆದರೆ ಅದು ಇದ್ದದ್ದು ನೀರಿನ ಬಿಸಿಯಲ್ಲಿ.

ಮೊದಲು ಕಹಿ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಎಲ್ಲರೂ ಕೆಫೀನ್ ಕಡೆ ಬೆರಳು ತೋರಿಸುತ್ತೇವೆ. ಕಾಫಿಯ ಕಹಿಯಲ್ಲಿ ಕೆಫೀನಿನ ಪಾಲು ಸಣ್ಣದು. ಹೆಚ್ಚಿನ ಕಹಿ ಹುಟ್ಟುವುದು ಹುರಿಯುವಾಗ. ಹಸಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲಗಳು ಕಾವಿಗೆ ಲ್ಯಾಕ್ಟೋನುಗಳಾಗುತ್ತವೆ. ಹದವಾಗಿ ಹುರಿದ ಕಾಫಿಯ ಹಿತವಾದ ಕಹಿ ಮುಖ್ಯವಾಗಿ ಇವುಗಳದ್ದು. ಇನ್ನೂ ಕಪ್ಪಗೆ ಹುರಿದರೆ ಅವೇ ಒಡೆದು ಫೆನೈಲಿಂಡೇನುಗಳು ಹುಟ್ಟುತ್ತವೆ. ಗಂಟಲಲ್ಲಿ ಉಳಿಯುವ ಒರಟು ಕಹಿ ಇವುಗಳದ್ದು. ಇದನ್ನು ಬಿಡಿಸಿ ತೋರಿಸಿದವರಲ್ಲಿ ಮುಖ್ಯರು ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಥಾಮಸ್ ಹಾಫ್‌ಮನ್. ಅಂದರೆ ಕಹಿಯ ಸರಕು ಪುಡಿಯಲ್ಲಿ ಮೊದಲೇ ಇರುತ್ತದೆ. ಅದರಲ್ಲಿ ಎಷ್ಟು ಲೋಟಕ್ಕೆ ಇಳಿಯಬೇಕು ಅನ್ನೋದನ್ನು ತೀರ್ಮಾನಿಸುವುದು ನಮ್ಮ ಕೈಲಿರುವ ಫಿಲ್ಟರ್.

ಎಲ್ಲ ವಸ್ತುವೂ ಒಂದೇ ವೇಗದಲ್ಲಿ ನೀರಿಗೆ ಬಿಡುವುದಿಲ್ಲ. ಹುಳಿ ಕೊಡುವ ಆಮ್ಲಗಳು, ಕೆಫೀನ್, ಪರಿಮಳದ ಬಹುಭಾಗ ಬೇಗ ಇಳಿಯುತ್ತವೆ. ಒರಟು ಕಹಿ, ಒಗರು ಕೊಡುವ ದೊಡ್ಡ ಅಣುಗಳು ನಿಧಾನ. ಅವು ಹೊರಬರಲು ಹೊತ್ತು ಬೇಕು, ಬಿಸಿ ಬೇಕು. ನೀರು ಹೆಚ್ಚು ಬಿಸಿಯಿದ್ದಷ್ಟೂ, ಪುಡಿಯ ಜೊತೆ ಹೆಚ್ಚು ಹೊತ್ತು ಇದ್ದಷ್ಟೂ ಈ ಎರಡನೆಯ ಗುಂಪಿನ ಪಾಲು ಏರುತ್ತದೆ. ಬಿಸಿಯೂ ಹೊತ್ತೂ ಕಡಿಮೆಯಾದರೆ ಹುಳಿಯಾದ, ತೆಳು ಡಿಕಾಕ್ಷನ್ ಸಿಗುತ್ತದೆ.

ಈಗ ಎತ್ತರಕ್ಕೆ ಬರೋಣ. ಸುಮಾರು 300 ಮೀಟರ್ ಮೇಲೇರಿದರೆ ನೀರು ಕುದಿಯುವ ಬಿಂದು ಹತ್ತಿರ ಹತ್ತಿರ 1 ಡಿಗ್ರಿ ಇಳಿಯುತ್ತದೆ. ಕಾಸರಗೋಡಿನ ಕಡಲ ದಡದಲ್ಲಿ 100 ಡಿಗ್ರಿ. ಸುಮಾರು 900 ಮೀಟರ್ ಎತ್ತರದ ಹೊಸೂರಿನಲ್ಲಿ 97ರ ಆಸುಪಾಸು. ಊಟಿ 2,200 ಮೀಟರ್ ದಾಟಿದೆ. ಅಲ್ಲಿ ಎಷ್ಟೇ ಉರಿ ಹಾಕಿದರೂ ತೆರೆದ ಪಾತ್ರೆಯ ನೀರು 92–93 ಮೀರುವುದಿಲ್ಲ. ಸಾಲದ್ದಕ್ಕೆ ಅಲ್ಲಿನ ಚಳಿಯಲ್ಲಿ ಸ್ಟೀಲ್ ಫಿಲ್ಟರ್ ಬೇಗ ಆರುತ್ತದೆ. ಕುದಿಯುವ ನೀರನ್ನೇ ಸುರಿದೆ ಅಂತ ಇಬ್ಬರೂ ಹೇಳುತ್ತಾರೆ, ಇಬ್ಬರೂ ನಿಜವನ್ನೇ ಹೇಳುತ್ತಾರೆ, ಆದರೆ ಆ ನೀರು ಒಂದೇ ಅಲ್ಲ.

ಅಷ್ಟಕ್ಕೇ ಕಹಿಯಾಯಿತಾ? ಬರೀ ನಾಲ್ಕೈದು ಡಿಗ್ರಿಯಿಂದ ಇಷ್ಟು ವ್ಯತ್ಯಾಸ ಬರೋದಿಲ್ಲ. ಹಾಗಾಗಿ ಪುಡಿಯನ್ನು ನೋಡಬೇಕಾಯಿತು. ಬೆರಳ ನಡುವೆ ಉಜ್ಜಿದರೆ ಮೈದಾ ಹಾಗೆ ಅಂಟುತ್ತಿತ್ತು. ಕೇಳಿದಾಗ ಗೊತ್ತಾಯಿತು, ಊಟಿಯಲ್ಲಿ ಡಿಕಾಕ್ಷನ್ ತೆಳುವಾಗಿ ಬರುತ್ತದೆ ಅಂತ ಅಂಗಡಿಯವರಿಗೆ ಹೇಳಿ ವರ್ಷಗಳಿಂದ ಹೆಚ್ಚು ನುಣ್ಣಗೆ ಬೀಸಿಸುತ್ತಿದ್ದರು. ಆ ಊರಿಗೆ ಅದು ಸರಿಯಾದ ಉಪಾಯವೇ. ನೀರಿನ ಬಿಸಿ ಕಡಿಮೆ, ಅದನ್ನು ನುಣುಪು ತುಂಬಿಕೊಡುತ್ತಿತ್ತು. ಹೊಸೂರಿಗೆ ಬಂದಾಗ ನೀರು ಬಿಸಿಯಾಯಿತು, ನುಣುಪು ಹಾಗೇ ಉಳಿಯಿತು.

ನುಣುಪು ಎರಡು ಕಡೆಯಿಂದ ಕೆಲಸ ಮಾಡುತ್ತದೆ, ಇದನ್ನು ಸ್ವಲ್ಪ ನಿಂತು ನೋಡಬೇಕು. ಕಣದ ಅಡ್ಡಳತೆ ಅರ್ಧವಾದರೆ ಅಷ್ಟೇ ತೂಕದ ಪುಡಿಯ ಹೊರಮೈ ಎರಡು ಪಟ್ಟಾಗುತ್ತದೆ. ನೀರಿಗೆ ಸಿಗುವ ಜಾಗ ಹೆಚ್ಚು, ಒಳಗಿನಿಂದ ವಸ್ತು ಹೊರಬರುವ ದಾರಿಯೂ ಗಿಡ್ಡ. ಇದು ಒಂದು. ಇನ್ನೊಂದು, ಕಣಗಳ ನಡುವಿನ ಸಂದು ಕಿರಿದಾಗಿ, ಪುಡಿಯ ಪದರ ನೀರಿಗೆ ಒಡ್ಡುವ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಎಸ್ಪ್ರೆಸೊ ಯಂತ್ರದಲ್ಲಿ ಒತ್ತಡ ಹಾಕಿ ನೀರು ನೂಕಬಹುದು. ನಮ್ಮ ಫಿಲ್ಟರಿನಲ್ಲಿ ನೀರಿನ ಭಾರ ಬಿಟ್ಟರೆ ಬೇರೆ ಬಲವಿಲ್ಲ. ಹಾಗಾಗಿ ನುಣ್ಣನೆ ಪುಡಿ ಬೇಗ ಬಿಡುತ್ತದೆ, ಜೊತೆಗೆ ನೀರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಚಿಕೋರಿ ಬೆರೆತಿದ್ದರೆ ಅದು ನೀರು ಕುಡಿದು ಉಬ್ಬಿ ಸಂದನ್ನು ಇನ್ನೂ ಮುಚ್ಚುತ್ತದೆ.

ಆ ಮನೆಯಲ್ಲಿ 30 ಗ್ರಾಂ ಪುಡಿಗೆ 180 ಮಿಲಿ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ಕೆಳಗೆ ಸಿಗುವುದು 120 ಮಿಲಿಯಷ್ಟು. ಅದು ಇಳಿಯಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ನಾವು ಮಾಡಿದ್ದು ಇಷ್ಟೇ: ಮೊದಲ ಹತ್ತು ನಿಮಿಷದಲ್ಲಿ ಇಳಿದದ್ದನ್ನು ಒಂದು ಲೋಟಕ್ಕೆ, ಉಳಿದದ್ದನ್ನು ಇನ್ನೊಂದಕ್ಕೆ ಹಿಡಿದು, ಮೊದಲನೆಯದಕ್ಕೆ ಬಿಸಿನೀರು ಸೇರಿಸಿ ಎರಡರ ಬಣ್ಣವನ್ನೂ ಸಮ ಮಾಡಿ, ಹಾಲು ಸಕ್ಕರೆ ಇಲ್ಲದೆ ರುಚಿ ನೋಡಿದೆವು. ಮೊದಲನೆಯದರಲ್ಲಿ ಪರಿಮಳ, ತುಸು ಹುಳಿ, ಹದವಾದ ಕಹಿ. ಎರಡನೆಯದರಲ್ಲಿ ಪರಿಮಳವೇ ಇಲ್ಲ, ಬರೀ ಒಗರು. ಹೀಗಿದ್ದರೆ ತಪ್ಪು ಇಳಿಸುವುದರಲ್ಲಿದೆ. ಮೊದಲ ಲೋಟವೇ ಸುಟ್ಟ ಕಹಿಯಾಗಿದ್ದರೆ ತಪ್ಪು ಹುರಿಯುವುದರಲ್ಲಿ ಅಥವಾ ಮಿಶ್ರಣದಲ್ಲಿ. ವಯನಾಡಿನಲ್ಲಿ ಬೆಳೆಯುವುದು ಹೆಚ್ಚಾಗಿ ರೊಬಸ್ಟಾ. ಅದರಲ್ಲಿ ಕೆಫೀನೂ ಕ್ಲೋರೋಜೆನಿಕ್ ಆಮ್ಲವೂ ಅರೇಬಿಕಾಕ್ಕಿಂತ ಜಾಸ್ತಿ. ಆ ಕಹಿಯನ್ನು ಬೀಸುವ ಹದದಿಂದ ತೆಗೆಯಲಾಗದು, ಸ್ವಲ್ಪ ತಗ್ಗಿಸಬಹುದು ಅಷ್ಟೆ.

ಮುಂದಿನ ಸಲ ಪುಡಿಯನ್ನು ಒಂದು ಹದ ತರಿಯಾಗಿ ಬೀಸಿಸಿದರು. ಕೈಗೆ ಚಿರೋಟಿ ರವೆ ಮುಟ್ಟಿದಂತೆ ಇರಬೇಕು. ಬನ್ಸಿ ರವೆಯಷ್ಟಾದರೆ ನೀರು ಸರ್ರನೆ ಇಳಿದು ಡಿಕಾಕ್ಷನ್ ತೆಳುವಾಗುತ್ತದೆ. ಈಗ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ, ಒಗರು ಹೋಗಿದೆ. ಮನೆಯಲ್ಲಿ ಉಳಿದಿದ್ದ ನುಣ್ಣನೆ ಪುಡಿಯನ್ನೂ ಎಸೆಯಲಿಲ್ಲ. ಕುದಿದ ನೀರನ್ನು ಮುಚ್ಚಳ ತೆಗೆದು ಒಂದೆರಡು ನಿಮಿಷ ಬಿಟ್ಟು ಸುರಿದರು, ಅದುಮುವ ತಟ್ಟೆಯನ್ನು ಒತ್ತದೆ ಸುಮ್ಮನೆ ಮೇಲಿಟ್ಟರು, ಇಪ್ಪತ್ತು ನಿಮಿಷಕ್ಕೆ ಕೆಳಗಿನ ಪಾತ್ರೆ ತೆಗೆದುಬಿಟ್ಟರು. ಕೊನೆಯ ಹನಿಗಳು ಹೋದರೆ ಹೋಗಲಿ, ಅವುಗಳಲ್ಲಿದ್ದದ್ದೇ ಕಹಿ.

ಪ್ರಶ್ನೆ (ತಾಳವಾಡಿಯಿಂದ): ಸರ್, ನಮ್ಮ ಬೋರ್‌ವೆಲ್ ನೀರು ಗಡಸು. ಅದರಿಂದಲೂ ಕಹಿ ಬರಬಹುದಲ್ವಾ?

ಬರಬಹುದಮ್ಮ, ಆದರೆ ದಾರಿ ಬೇರೆ. ಗಡಸು ನೀರಿನಲ್ಲಿ ಸಾಮಾನ್ಯವಾಗಿ ಇರುವ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ಕೊಲ್ಲುತ್ತದೆ. ಹುಳಿ ಹೋದಾಗ ಕಹಿ ಒಂಟಿಯಾಗಿ ಎದ್ದು ಕಾಣುತ್ತದೆ, ರುಚಿ ಚಪ್ಪೆ. ಈ ಮನೆಯವರು ಎರಡೂ ಊರಲ್ಲಿ ಕ್ಯಾನ್ ನೀರು ಬಳಸುತ್ತಿದ್ದರು, ಹಾಗಾಗಿ ಅದನ್ನು ಬದಿಗಿಟ್ಟೆವು. ನೀವು ಒಂದು ದಿನ ಕ್ಯಾನ್ ನೀರಲ್ಲಿ ಮಾಡಿ ನೋಡಿ, ಬೇರೇನೂ ಬದಲಿಸಬೇಡಿ.

ಪ್ರಶ್ನೆ: ಬೆಳಿಗ್ಗೆ ಚೆನ್ನಾಗಿದ್ದದ್ದು ಸಾಯಂಕಾಲ ಕಹಿಯಾಗುತ್ತೆ, ಪುಡಿ ಅದೇ.

ಡಿಕಾಕ್ಷನ್ ಅನ್ನು ಒಲೆ ಮೇಲೆ ಕಾಯಿಸುತ್ತೀರಾ? ಹಾಗಿದ್ದರೆ ಅದೇ ಕಾರಣ. ಮತ್ತೆ ಕಾಯಿಸಿದಾಗ ಪರಿಮಳ ಹಾರಿಹೋಗುತ್ತದೆ, ಉಳಿದ ಕ್ಲೋರೋಜೆನಿಕ್ ಆಮ್ಲ ಕೆಫೀಕ್, ಕ್ವಿನಿಕ್ ಆಮ್ಲಗಳಾಗಿ ಒಡೆದು ಹುಳಿ-ಒಗರು ಏರುತ್ತದೆ. ಡಿಕಾಕ್ಷನ್ ತಣ್ಣಗೇ ಇರಲಿ, ಹಾಲನ್ನು ಚೆನ್ನಾಗಿ ಕಾಯಿಸಿ ಅದಕ್ಕೆ ಬೆರೆಸಿ.