ಅಜ್ಜಿಯ ಕೊಡದಲ್ಲಿ ಎರಡು ಹಸಿರು

ಭಾನುವಾರ ಹುಣಸೆಹಣ್ಣು, ಉಪ್ಪು ಹಾಕಿ ಥಳಥಳ ಹೊಳೆಯುವಂತೆ ತಿಕ್ಕಿದ್ದ ತಾಮ್ರದ ಕೊಡ ಬುಧವಾರದ ಹೊತ್ತಿಗೆ ಮತ್ತೆ ಹಸಿರಾಗಿತ್ತು. ತೀರ್ಥಹಳ್ಳಿ ಕಡೆಯ ಆ ಮನೆಯಲ್ಲಿ ಅದೇನೂ ಹೊಸದಲ್ಲ. “ಮಳೆಗಾಲ ಅಲ್ವಾ, ಕಿಲುಬು ಹಿಡಿಯುತ್ತೆ ಬಿಡು” ಅಂದರು ಅಜ್ಜಿ. ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರಿಂದ ಮನೆಯಲ್ಲೇ ಇದ್ದ ಏಳನೇ ಕ್ಲಾಸಿನ ಶಾಲ್ಮಲಿಗೆ ಮಾತ್ರ ಆ ಉತ್ತರ ಸಾಲಲಿಲ್ಲ.

“ಮಳೆಯೇ ಕಾರಣವಾದರೆ ಕೊಡ ಪೂರ್ತಿ ಹಸಿರಾಗಬೇಕಿತ್ತಲ್ಲ ಅಜ್ಜಿ?”

ಕೊಡದ ಹೊಟ್ಟೆ ಬರೀ ಕಂದಾಗಿತ್ತು. ಹಸಿರು ಇದ್ದದ್ದು ಎರಡೇ ಕಡೆ: ಬಾಯಂಚಿನ ಮಡಿಕೆಯೊಳಗೆ, ಮತ್ತೆ ಒಳಗೆ ನೀರು ನಿಲ್ಲುವ ಮಟ್ಟದಲ್ಲಿ ಒಂದು ಗೆರೆಯಾಗಿ. ಎರಡೂ ಬೇಗ ಒಣಗದ ಜಾಗಗಳು.

ಮನೆಗೆ ವೈರಿಂಗ್ ಮಾಡಿದಾಗ ಉಳಿದಿದ್ದ ತಾಮ್ರದ ತಂತಿಯನ್ನು ಅವಳು ಮೂರು ತುಂಡು ಮಾಡಿ, ಮೂರನ್ನೂ ಹುಣಸೆ-ಉಪ್ಪಿನಲ್ಲಿ ತಿಕ್ಕಿದಳು. ಒಂದನ್ನು ಚೆನ್ನಾಗಿ ತೊಳೆದು, ಒರೆಸಿ ಒಲೆಯ ಹತ್ತಿರ ಇಟ್ಟಳು. ಇನ್ನೊಂದನ್ನು ತೊಳೆದು, ಕುದಿಸಿ ಆರಿಸಿದ ನೀರು ತುಂಬಿದ ಬಾಟಲಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿದಳು. ಮೂರನೆಯದನ್ನು ತೊಳೆಯದೆ, ಹುಣಸೆರಸ ಅಂಟಿಕೊಂಡಂತೆಯೇ ತಟ್ಟೆಯಲ್ಲಿ ಬಿಟ್ಟಳು.

ಮರುದಿನ ಬೆಳಿಗ್ಗೆ ಹಸಿರಾಗಿದ್ದದ್ದು ಮೂರನೆಯದು ಮಾತ್ರ. ಒಣಗಿಸಿದ್ದು ಹೊಳೆಯುತ್ತಿತ್ತು. ನೀರಲ್ಲಿ ಮುಳುಗಿದ್ದೂ ಹಸಿರಾಗಿರಲಿಲ್ಲ. ಕುದಿಸಿದಾಗ ನೀರಿನಲ್ಲಿ ಕರಗಿದ್ದ ಗಾಳಿಯ ಬಹುಪಾಲು ಹೊರಟುಹೋಗಿರುತ್ತದೆ, ಮುಚ್ಚಳ ಹಾಕಿದ ಮೇಲೆ ಹೊಸದಾಗಿ ಸೇರುವುದಕ್ಕೆ ದಾರಿ ಇಲ್ಲ. ಅಂದರೆ ನೀರೊಂದೇ ಇದ್ದರೆ ಸಾಲದು, ಗಾಳಿಯೂ ಬೇಕು. ಕೊಡದೊಳಗಿನ ನೀರಿನ ಗೆರೆಯಲ್ಲಿ ಎರಡೂ ಸಿಗುತ್ತವೆ. ಜೊತೆಗೆ ಅಲ್ಲಿ ನೀರು ಆರಿದಂತೆಲ್ಲ ಅದರ ಲವಣ ಉಳಿದು ಗಟ್ಟಿಯಾಗುತ್ತದೆ.

ನಡೆಯುವುದು ಇಷ್ಟು. ಗಾಳಿಯ ಆಮ್ಲಜನಕ ಮೊದಲು ತಾಮ್ರದ ಮೇಲೆ ಕಂದು ಬಣ್ಣದ ತೆಳು ಪದರ ಕಟ್ಟುತ್ತದೆ. ಅದು ತಾಮ್ರದ ಆಕ್ಸೈಡ್. ತೇವ ಹಾಗೇ ನಿಂತರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿ, ನಿಧಾನಕ್ಕೆ ತಾಮ್ರದ ಹಸಿರು ಕಾರ್ಬೊನೇಟ್ ಆಗುತ್ತದೆ. ಆದರೆ ಇದಕ್ಕೆ ಬಹಳ ಕಾಲ ಬೇಕು. ತಂತಿ ರಾತ್ರಿ ಕಳೆಯುವುದರೊಳಗೆ ಹಸಿರಾದದ್ದು ಹೇಗೆ?

ಅದಕ್ಕೆ ಉಪ್ಪು ಕಾರಣ. ಹುಣಸೆಯ ಹುಳಿ ಕಿಲುಬನ್ನು ಕರಗಿಸಿ ತಾಮ್ರವನ್ನು ಬರಿದು ಮಾಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಕೆಲಸವನ್ನು ಚುರುಕುಗೊಳಿಸುತ್ತದೆ, ಅದಕ್ಕೇ ನಮ್ಮ ಹೆಂಗಸರು ಎರಡನ್ನೂ ಬೆರೆಸಿ ತಿಕ್ಕುತ್ತಾರೆ. ತೊಳೆಯದೆ ಬಿಟ್ಟರೆ ಅದೇ ಕ್ಲೋರೈಡ್ ತಾಮ್ರದೊಡನೆ ಸೇರಿ ಬೇರೆಯೇ ಒಂದು ಹಸಿರಾಗುತ್ತದೆ. ಕಿಲುಬು ತೆಗೆಯಲು ಹಾಕಿದ್ದೇ ಹೊಸ ಕಿಲುಬಿಗೆ ಬೀಜವಾಗುತ್ತದೆ.

ಎರಡು ಹಸಿರನ್ನೂ ಬೇರ್ಪಡಿಸಿ ನೋಡುವ ಬಗೆಯೂ ಶಾಲ್ಮಲಿಗೆ ಸಿಕ್ಕಿತು. ಅಟ್ಟದಲ್ಲಿ ವರ್ಷಗಳಿಂದ ಬಿದ್ದಿದ್ದ ಹಳೇ ಹಂಡೆಯ ಹಸಿರನ್ನು ಕೆರೆದು, ಬಳಕೆಯಲ್ಲಿಲ್ಲದ ಚಮಚದಲ್ಲಿ ಹಾಕಿ ನಿಂಬೆರಸ ಬಿಟ್ಟಾಗ ಸಣ್ಣ ಸಣ್ಣ ಗುಳ್ಳೆ ಎದ್ದವು. ಕಾರ್ಬೊನೇಟ್ ತನ್ನಲ್ಲಿದ್ದ ಅನಿಲವನ್ನು ಬಿಟ್ಟುಕೊಡುತ್ತಿತ್ತು. ತಂತಿಯ ಹಸಿರಿಗೂ, ಕೊಡದ ಮಡಿಕೆಯ ಹಸಿರಿಗೂ ನಿಂಬೆರಸ ಬಿಟ್ಟಳು. ಎರಡೂ ಸುಮ್ಮನೆ ಕರಗಿದವು, ಗುಳ್ಳೆ ಕಾಣಲಿಲ್ಲ. ಮಡಿಕೆಯಲ್ಲಿ ಭಾನುವಾರದ ಉಪ್ಪು ಉಳಿದುಬಿಟ್ಟಿತ್ತು.

“ಹಾಗಾದರೆ ಆ ಅಮೆರಿಕದ ದೊಡ್ಡ ಪ್ರತಿಮೆಯನ್ನು ಯಾಕೆ ತಿಕ್ಕಲ್ಲ? ಅದೂ ತಾಮ್ರದ್ದೇ ಅಂತ ಪುಸ್ತಕದಲ್ಲಿದೆ.”

ಒಳ್ಳೆಯ ಪ್ರಶ್ನೆ. ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ 1886ರಲ್ಲಿ ನಿಂತಾಗ ತಾಮ್ರದ ಬಣ್ಣದಲ್ಲೇ ಇತ್ತು. ಆಮೇಲೆ ಕೆಲವು ದಶಕಗಳಲ್ಲಿ ಹಸಿರಾಯಿತು. ಮಳೆಗಾಳಿಯಲ್ಲಿ ವರ್ಷಗಟ್ಟಲೆ ಕಟ್ಟಿದ ಆ ಪದರ ತಾಮ್ರಕ್ಕೆ ಗಟ್ಟಿಯಾಗಿ ಅಂಟಿ, ಒಳಗಿನ ಲೋಹವನ್ನು ಕಾಯುತ್ತದೆ. ಕೊಡದ ಹಸಿರು ಹಾಗಲ್ಲ. ಅದು ಸಡಿಲವಾದ ಪುಡಿ. ನೀರಿಗೆ ಉದುರುತ್ತದೆ, ಹುಳಿಗೆ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರ ಇರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶುದ್ಧವಾದ ಕೊಡದಲ್ಲಿ ರಾತ್ರಿಯಿಡೀ ಇಟ್ಟ ಸಾಮಾನ್ಯ ನೀರು ಆ ಮಿತಿಯೊಳಗೇ ಇರುವುದು ಹೆಚ್ಚು. ಮಜ್ಜಿಗೆ, ಸಾರು, ನಿಂಬೆ ಪಾನಕದ ಮಾತು ಬೇರೆ. ಹುಳಿ ತಾಮ್ರವನ್ನು ಎಳೆದುಕೊಳ್ಳುತ್ತದೆ, ಬಾಯಿಗೆ ಲೋಹದ ಒಗರು ಬರುತ್ತದೆ, ಹೊಟ್ಟೆ ತೊಳೆಸಿ ವಾಂತಿಯಾಗಬಹುದು. ಅಡುಗೆ ಮಾಡುವ ತಾಮ್ರದ ಪಾತ್ರೆಗೆ ಒಳಗೆ ತವರದ ಕಲಾಯಿ ಹಾಕಿಸುತ್ತಿದ್ದದ್ದು ಇದಕ್ಕೇ. ಕಲಾಯಿ ಸವೆದು ಒಳಗೆ ಕೆಂಪು ಕಂಡರೆ ಅದರಲ್ಲಿ ಅಡುಗೆ ನಿಲ್ಲಿಸಬೇಕು.

ಅಜ್ಜಿ ಹುಣಸೆ-ಉಪ್ಪು ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ತಿಕ್ಕಿದ ಮೇಲೆ ಎರಡು ಮೂರು ನೀರಿನಲ್ಲಿ ತೊಳೆದು, ಮಡಿಕೆಯೊಳಗೆ ಬೆರಳಿಗೆ ಬಟ್ಟೆ ಸುತ್ತಿ ಒರೆಸಿ, ಒಲೆಯ ಬಿಸಿಗೆ ಬೋರಲು ಹಾಕುವುದು ಶುರುವಾಯಿತು. ಆ ವಾರ ನೀರಿನ ಗೆರೆ ಮೂಡಲಿಲ್ಲ. ಮಡಿಕೆ ಒಂದು ಕಡೆ ಜಜ್ಜಿ ಕಚ್ಚಿಕೊಂಡಿರುವಲ್ಲಿ ಮಾತ್ರ ಬಟ್ಟೆ ತಲುಪುವುದಿಲ್ಲ. ಅಲ್ಲಿ ಉಗುರಿನಷ್ಟಗಲ ಹಸಿರು ಈಗಲೂ ಬರುತ್ತದೆ. ಅದನ್ನು ಬಿಡಿಸಬೇಕಾದರೆ ಕಂಚುಗಾರರ ಹತ್ತಿರ ಅಂಚು ಬಡಿಸಬೇಕು.