ರೂಮ್ ಬಾಡಿಗೆಯ ಮಿತಿ ಇಡೀ ಬಿಲ್ಲಿಗೇ ಕತ್ತರಿ ಹಾಕುತ್ತೆ

ಗೆಳೆಯರು ಆರೋಗ್ಯ ವಿಮೆಯ ಪಾಲಿಸಿ ಕಳಿಸಿ ಒಮ್ಮೆ ನೋಡು ಅಂದಾಗ ನಾನು ಮೊದಲು ಹುಡುಕೋದು ರೂಮ್ ಬಾಡಿಗೆಯ ಸಾಲನ್ನು. ಅಲ್ಲಿ ‘ದಿನಕ್ಕೆ ವಿಮಾ ಮೊತ್ತದ ಶೇ. 1ರವರೆಗೆ’ ಎಂದಿದ್ದರೆ, 5 ಲಕ್ಷದ ಪಾಲಿಸಿಗೆ ಸಿಗುವ ಬಾಡಿಗೆ ದಿನಕ್ಕೆ 5,000 ರೂಪಾಯಿ ಮಾತ್ರ.

ನೀವು 8,000 ರೂಪಾಯಿಯ ರೂಮಲ್ಲಿ ನಾಲ್ಕು ದಿನ ಇದ್ದಿರಿ ಅನ್ನಿ. ಹೆಚ್ಚುವರಿ 12,000 ಕೈಯಿಂದ ಕಟ್ಟಿದರೆ ಮುಗೀತು ಅನ್ಸುತ್ತೆ. ಆದರೆ ಮುಗಿಯಲ್ಲ. ಬಹಳಷ್ಟು ಆಸ್ಪತ್ರೆಗಳಲ್ಲಿ ರೂಮ್ ದುಬಾರಿಯಾದಂತೆ ಸರ್ಜನ್ ಫೀಸು, ಆಪರೇಷನ್ ಥಿಯೇಟರಿನ ದರವೂ ಏರುತ್ತದೆ. ಅದಕ್ಕೇ ವಿಮಾ ಕಂಪನಿ ಆ ಖರ್ಚನ್ನೂ ಅದೇ ಅನುಪಾತದಲ್ಲಿ, ಅಂದರೆ ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತದೆ. ಆ ಖರ್ಚು 1,60,000 ಆಗಿದ್ದರೆ ಸಿಗೋದು 1,00,000. ಬಾಡಿಗೆಯ 12,000 ಸೇರಿ ನಿಮ್ಮ ಜೇಬಿನಿಂದ ಹೋಗೋದು 72,000! ಪಾಲಿಸಿಯಲ್ಲಿ ಇದರ ಹೆಸರು ‘ಪ್ರಪೋರ್ಷನೇಟ್ ಡಿಡಕ್ಷನ್’.

ಇದಕ್ಕೂ ಲಗಾಮಿದೆ. ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲಿ ತಂದ ನಿಯಮದ ಪ್ರಕಾರ ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆ ಮತ್ತು ಐಸಿಯು ಶುಲ್ಕಕ್ಕೆ ಈ ಕತ್ತರಿ ಹಾಕುವಂತಿಲ್ಲ. ರೂಮಿನ ದರ್ಜೆ ನೋಡಿ ದರ ಬದಲಿಸದ ಆಸ್ಪತ್ರೆಯಲ್ಲಂತೂ ಹಾಕಲೇಬಾರದು. ಸೆಟಲ್‌ಮೆಂಟ್ ಪತ್ರದಲ್ಲಿ ಇವಕ್ಕೂ ಕಡಿತ ಕಂಡರೆ ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳೊಳಗೆ ಸರಿಯಾದ ಉತ್ತರ ಬಾರದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಶುಲ್ಕವಿಲ್ಲ.

ಆಸ್ಪತ್ರೆಗೆ ಸೇರುವಾಗ ಡೆಸ್ಕಿನಲ್ಲಿ ಕೇಳಬೇಕಾದ್ದು ‘ವಿಮೆ ನಡೆಯುತ್ತಾ’ ಅಂತಷ್ಟೇ ಅಲ್ಲ, ‘ನನ್ನ ಮಿತಿಯೊಳಗೆ ಯಾವ ರೂಮ್ ಇದೆ’ ಅಂತ.