ಸಂಜೆಗೆ ಕುಗ್ಗುವ ಎತ್ತರ

ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಇದ್ದಷ್ಟು ಎತ್ತರ ರಾತ್ರಿ ಮಲಗುವ ಹೊತ್ತಿಗೆ ಯಾರಿಗೂ ಇರುವುದಿಲ್ಲ. ಆರೋಗ್ಯವಂತ ವಯಸ್ಕರಲ್ಲಿ ದಿನವೊಂದಕ್ಕೆ ಆಗುವ ಈ ಇಳಿಕೆ ದೇಹದ ಎತ್ತರದ ಸುಮಾರು ಶೇಕಡ 1ರಷ್ಟು. ಐದೂವರೆ ಅಡಿ ಎತ್ತರದವರಿಗೆ ಅದು ಒಂದೂವರೆ ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಮೂಟೆ ಹೊತ್ತ ದಿನ ಅಥವಾ ದೂರ ಓಡಿದ ದಿನ ಇದರಲ್ಲಿ ಕೆಲವು ಮಿಲಿಮೀಟರ್‌ಗಳು ಬಹಳ ಬೇಗ ಕಳೆದುಹೋಗುತ್ತವೆ.

ಕುಗ್ಗುವುದು ಮೂಳೆಯಲ್ಲ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಗಳಂತೆ ಕುಳಿತಿರುವ 23 ಡಿಸ್ಕ್‌ಗಳು ತೆಳುವಾಗುತ್ತವೆ. ಪ್ರತಿ ಡಿಸ್ಕ್‌ನ ಹೊರಗೆ ಗಟ್ಟಿ ನಾರಿನ ಪದರಗಳ ಬಳೆಯಿದೆ, ಒಳಗೆ ಲೋಳೆಯಂಥ ತಿರುಳಿದೆ. ಎಳೆಯ ವಯಸ್ಸಿನಲ್ಲಿ ಈ ತಿರುಳಿನ ಬಹುಪಾಲು ನೀರೇ. ಆ ನೀರನ್ನು ಹಿಡಿದಿಡುವುದು ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳು. ನೆನೆಸಿಟ್ಟ ಕಾಮಕಸ್ತೂರಿ ಬೀಜ ತನ್ನ ಸುತ್ತ ನೀರನ್ನು ಕಟ್ಟಿಕೊಂಡು ಉಬ್ಬುವ ಹಾಗೆ ಅವು ಸುತ್ತಲಿನ ನೀರನ್ನು ಸದಾ ಒಳಗೆಳೆಯುತ್ತಿರುತ್ತವೆ. ಮೇಲಿನಿಂದ ಬೀಳುವ ಭಾರ ಈ ಎಳೆತವನ್ನು ಮೀರಿದರೆ ನೀರು ನಿಧಾನವಾಗಿ ಹೊರಕ್ಕೆ ಜಿನುಗುತ್ತದೆ, ಡಿಸ್ಕ್ ತಗ್ಗುತ್ತದೆ. ಒಂದೊಂದು ಡಿಸ್ಕ್ ಕಳೆದುಕೊಳ್ಳುವುದು ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ, ಆದರೆ 23 ಸೇರಿದಾಗ ಅದು ಅಳತೆಗೆ ಸಿಗುವಷ್ಟಾಗುತ್ತದೆ.

ಭಾರ ಎಷ್ಟು ಬೀಳುತ್ತದೆ ಎಂಬುದನ್ನು ಜರ್ಮನಿಯ ಉಲ್ಮ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗವೊಂದು ನೇರವಾಗಿ ಅಳೆಯಿತು. ಸ್ವಯಂಸೇವಕರೊಬ್ಬರ ಸೊಂಟದ ಡಿಸ್ಕ್‌ನೊಳಗೇ ಸೂಕ್ಷ್ಮ ಒತ್ತಡಮಾಪಕವನ್ನು ಇಡಲಾಗಿತ್ತು. ಮಲಗಿದಾಗ ಇದ್ದ ಒತ್ತಡ ನಿಂತಾಗ ಸುಮಾರು ಐದು ಪಟ್ಟಾಯಿತು. ಬೆನ್ನು ಬಾಗಿಸಿ 20 ಕಿಲೋ ಭಾರ ಎತ್ತಿದಾಗ ಅದು ಇಪ್ಪತ್ತು ಪಟ್ಟು ದಾಟಿತು. ಕಾರಣ ಸರಳ: ಮುಂದಕ್ಕೆ ಬಾಗಿದವರ ಭಾರವನ್ನು ತಡೆಹಿಡಿಯಲು ಬೆನ್ನಿನ ಸ್ನಾಯುಗಳು ಬಿಗಿಯಾಗಿ ಎಳೆಯಬೇಕು, ಆ ಎಳೆತವೂ ಡಿಸ್ಕ್‌ನ ಮೇಲೆಯೇ ಬೀಳುತ್ತದೆ. 50 ಕಿಲೋ ಅಕ್ಕಿ ಚೀಲವನ್ನು ಲಾರಿಯಿಂದ ಇಳಿಸುವ ಹಮಾಲರ ಸೊಂಟ ಹೊರುವುದು ಬರೀ 50 ಕಿಲೋ ಅಲ್ಲ.

ಓಟದಲ್ಲಿ ಭಾರ ಸಣ್ಣದಾದರೂ ಪ್ರತಿ ಹೆಜ್ಜೆಗೂ ಮರಳಿ ಬರುತ್ತದೆ. ಬ್ರಿಟನ್ನಿನ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಪ್ಪತ್ತೈದು ನಿಮಿಷದ ಭಾರ ಎತ್ತುವ ವ್ಯಾಯಾಮದಿಂದ ಸರಾಸರಿ 5 ಮಿಲಿಮೀಟರ್‌ಗೂ ಹೆಚ್ಚು ಎತ್ತರ ಇಳಿದಿತ್ತು. ಹೊಸಬರು 6 ಕಿಲೋಮೀಟರ್ ಓಡಿದಾಗ ಇಳಿದದ್ದು 3 ಮಿಲಿಮೀಟರ್ ಚಿಲ್ಲರೆ. ಬರೀ ನಿಂತಿದ್ದರೂ ಇಳಿಕೆ ತಪ್ಪದು, ಅದರ ವೇಗ ಮಾತ್ರ ಕಡಿಮೆ.

ದಿನದ ಒಟ್ಟು ಇಳಿಕೆಯ ಸುಮಾರು ಅರ್ಧ ಭಾಗ ಎದ್ದ ಮೊದಲ ಗಂಟೆಯಲ್ಲೇ ಆಗಿಬಿಡುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಎದ್ದ ಕೂಡಲೇ ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ, ನೋಟವನ್ನು ನೇರ ಇಟ್ಟು ನಿಲ್ಲಬೇಕು. ಇನ್ನೊಬ್ಬರು ದಪ್ಪ ರಟ್ಟಿನ ಪುಸ್ತಕವೊಂದರ ಬೆನ್ನನ್ನು ಗೋಡೆಗೆ ಒತ್ತಿ, ತಲೆಯ ಮೇಲೆ ಸಮವಾಗಿ ಇಳಿಸಿ, ಅದರ ಕೆಳಗಂಚಿಗೆ ಪೆನ್ಸಿಲ್ ಗೀರು ಹಾಕಬೇಕು. ರಾತ್ರಿ ಹಾಕಿದ ಗೀರು ಸಾಮಾನ್ಯವಾಗಿ ಬೆರಳಗಲದಷ್ಟು ಕೆಳಗಿರುತ್ತದೆ. ಗದ್ದ ಎತ್ತಿದರೆ, ಭುಜ ಜೋತುಬಿಟ್ಟರೆ ಕೆಲವು ಮಿಲಿಮೀಟರ್ ಸುಲಭವಾಗಿ ತಪ್ಪುತ್ತದೆ, ಆದ್ದರಿಂದ ಪ್ರತಿ ಸಲ ಮೂರು ಬಾರಿ ಅಳೆದು ಸರಾಸರಿ ತೆಗೆಯುವುದು ಮೇಲು. ಒಂದು ಓಟದ ಪರಿಣಾಮವನ್ನು ಮಾತ್ರ ಹೀಗೆ ಹಿಡಿಯುವುದು ಕಷ್ಟ. ಅದಕ್ಕೆ ಪ್ರಯೋಗಾಲಯಗಳಲ್ಲಿ ದೇಹವನ್ನು ಪ್ರತಿ ಬಾರಿಯೂ ಅದೇ ಭಂಗಿಯಲ್ಲಿ ಒರಗಿಸುವ ವಿಶೇಷ ಮಾಪಕ ಬೇಕು. ಪೊಲೀಸ್ ನೇಮಕಾತಿಯಂಥ ಕಡೆ ಕನಿಷ್ಠ ಎತ್ತರದ ಅಂಚಿನಲ್ಲಿರುವವರಿಗೆ ಅಳತೆಯ ಹೊತ್ತು ಲೆಕ್ಕಕ್ಕೆ ಬರುವುದೂ ಇದೇ ಕಾರಣಕ್ಕೆ.

ಮಲಗಿದ ಮೇಲೆ ಭಾರ ಇಳಿಯುತ್ತದೆ, ನೀರು ಹಿಂದಿರುಗುತ್ತದೆ. ಕಳೆದುಹೋದ ಎತ್ತರದ ಹೆಚ್ಚಿನ ಭಾಗ ರಾತ್ರಿಯ ಮೊದಲ ಅರ್ಧದಲ್ಲೇ ತುಂಬಿಕೊಳ್ಳುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಅಂಗಾತ ಮಲಗಿ ಕಾಲನ್ನು ಕುರ್ಚಿಯ ಮೇಲಿಟ್ಟರೂ ಒಂದಿಷ್ಟು ಮರಳುತ್ತದೆ. ಈ ಹೋಗಿಬರುವಿಕೆ ದೋಷವಲ್ಲ. ವಯಸ್ಕರ ಡಿಸ್ಕ್‌ನ ತಿರುಳಿಗೆ ರಕ್ತನಾಳಗಳೇ ಇಲ್ಲ, ಅದಕ್ಕೆ ಬೇಕಾದ ಪೋಷಣೆ ಸುತ್ತಲಿಂದ ಒಸರಿಯೇ ಒಳಹೋಗಬೇಕು. ಎಚ್ಚರ ಬೇಕಾದದ್ದು ಬೆಳಗಿನ ಹೊತ್ತು. ಆಗ ಡಿಸ್ಕ್ ನೀರು ತುಂಬಿ ಬಿಗಿಯಾಗಿರುವುದರಿಂದ ಪೂರ್ತಿ ಬಾಗಿದಾಗ ಅದರ ನಾರಿನ ಬಳೆಯ ಮೇಲೆ ಸಂಜೆಗಿಂತ ಹಲವು ಪಟ್ಟು ಹೆಚ್ಚು ಎಳೆತ ಬೀಳುತ್ತದೆ. ಎದ್ದ ತಕ್ಷಣ ತುಂಬಿದ ಕೊಡ ಎತ್ತುವುದನ್ನು ಒಂದು ಗಂಟೆ ಮುಂದೂಡಿದರೆ ಸೊಂಟಕ್ಕೆ ಹಿತ.

ವಯಸ್ಸಾದಂತೆ ತಿರುಳು ನೀರು ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ದಿನದ ಏರಿಳಿತವೂ ಕಿರಿದಾಗುತ್ತದೆ. ಮಧ್ಯವಯಸ್ಸು ದಾಟಿದವರ ಎತ್ತರ ಕೆಲವು ವರ್ಷಗಳಲ್ಲಿ ಹಲವು ಸೆಂಟಿಮೀಟರ್ ಇಳಿದು, ಮಲಗಿ ಎದ್ದರೂ ಮರಳದಿದ್ದರೆ ಅದು ಬೇರೆಯೇ ಸಂಗತಿ. ಮೂಳೆ ಟೊಳ್ಳಾಗಿ ಬೆನ್ನಿನ ಮಣಿಗಳೇ ಕುಸಿದಿರಬಹುದು. ಅಂಥವರು ತಡಮಾಡದೆ ವೈದ್ಯರಿಗೆ ತೋರಿಸಬೇಕು.